ಉಸಿರೆಳೆದ ಅಕ್ಕಿ ಮಿಲ್ಲು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳುವಾಯಿಯ ಅಕ್ಕಿ ಮಿಲ್ಲಿನ ಶಬ್ದ ಎಂದು ನಾನು ನನ್ನ ಗೆಳೆಯನಿಗೆ ಕೊಟ್ಟದ್ದು ಅಕ್ಕಿ ಮಿಲ್ಲಿನ ಶಬ್ದವಲ್ಲ. ಅದು ಫರಂಗಿಪೇಟೆಯ ನಮ್ಮ ಬಚ್ಚಲುಕೋಣೆಯಲ್ಲಿ, ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ತಲೆ ಹಾಕಿ ನಾನು ಬಾಯಲ್ಲಿ ಮಾಡಿದ ಶಬ್ದ. ಆ ಶಬ್ದದ ಮೇಲೆ ಅವನು ಮೂರು ತಿಂಗಳು ಕೂತು ಒಂದು ಹಾಡು ಕಟ್ಟಿದ. ನಾನು ಮೂರು ತಿಂಗಳೂ ಪಕ್ಕದಲ್ಲೇ ಕೂತು "ಎಂಥ ಮಿಷನ್ ಮಾರಾಯ" ಎಂದು ತಲೆದೂಗಿದೆ.

ನಮ್ಮದು ಮೂರು ಜನರ ಬ್ಯಾಂಡ್. ಗಿಟಾರಿನವನು ಬೆಳುವಾಯಿಯವನು, ಮೂಡುಬಿದಿರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಡ್ರಮ್ಮಿನವನು ಮುಂಡಾಜೆಯಿಂದ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಬರುವವನು. ಬೆಳಿಗ್ಗೆ ಮನೆಯ ರಬ್ಬರ್ ಶೀಟು ಒತ್ತಿ, ಆ ವಾಸನೆಯನ್ನು ಕೈಯಲ್ಲಿ ಹೊತ್ತುಕೊಂಡೇ ಬರುತ್ತಾನೆ. ಮೂರನೆಯವನು ನಾನು. ನನಗೆ ಯಾವ ವಾದ್ಯವೂ ಬರುವುದಿಲ್ಲ. ಮದುವೆ ರಿಸೆಪ್ಶನ್‌ಗಳಲ್ಲಿ ಮೈಕ್ ಹಿಡಿದು ಬಸ್ ಕಂಡಕ್ಟರ್, ಹೆಡ್ ಮಾಸ್ಟ್ರು, ಮದುಮಗನ ಮಾವ, ಮಿಕ್ಸಿ, ಸ್ಟಾರ್ಟ್ ಆಗದ ಸ್ಕೂಟರು ಎಲ್ಲವನ್ನೂ ಬಾಯಲ್ಲಿ ತರಿಸುವುದು ನನ್ನ ಕಸುಬು. ಬ್ಯಾಂಡಿನಲ್ಲಿ ನಾನು ಹಾಡುವವನು ಮತ್ತು "ಶಬ್ದದ ಉಸ್ತುವಾರಿ". ಅಂದರೆ ಎರಡನೇ ಕೆಲಸ ಇಲ್ಲದಿದ್ದರೆ ಮೊದಲನೆಯದಕ್ಕೆ ನನ್ನನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ.

ಬಂಟ್ವಾಳದಲ್ಲಿ ಒಂದು ಖಾಲಿ ಗೋದಾಮಿನ ಮಹಡಿ ನಮ್ಮ ಅಭ್ಯಾಸದ ಜಾಗ. ಅಲ್ಲಿಯೇ ಗಿಟಾರಿನವನು ಒಂದು ಭಾನುವಾರ ನಮಗೆ ಇಂಡಸ್ಟ್ರಿಯಲ್ ರಾಕ್ ಕೇಳಿಸಿದ್ದು. ಮೊದಲ ಅರ್ಧ ನಿಮಿಷ ನಾನು ಕೆಳಗೆ ಯಾರೋ ಕಬ್ಬಿಣ ಕೊಯ್ಯುತ್ತಿದ್ದಾರೆ ಎಂದುಕೊಂಡು ಕಿಟಕಿಯಿಂದ ಇಣುಕಿದೆ. ಕೆಳಗೆ ಯಾರೂ ಇರಲಿಲ್ಲ, ಒಂದು ನಾಯಿ ಮಲಗಿತ್ತು. ತಗಡು ಬಡಿಯುವ ಸದ್ದು, ಗಾಳಿ ಸೀಳುವಂಥ ಎಲೆಕ್ಟ್ರಾನಿಕ್ ಕಿರುಚಾಟ, ಯಾರದೋ ಭಾಷಣದ ಒಂದು ತುಂಡು ಮತ್ತೆ ಮತ್ತೆ. ಇವುಗಳ ನಡುವಿನಿಂದ ಗಿಟಾರು ಎದ್ದು ಬಂತು. ಆಮೇಲೆ ನೋಡಿದರೆ ನನ್ನ ಕಾಲು ತಾಳ ಹಾಕುತ್ತಿತ್ತು.

ಅದು ನನಗೆ ಬಿಡಿಸಲಾಗದ ಸಂಗತಿಯಾಯಿತು. ಬೀದಿಯಲ್ಲಿ ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಶಬ್ದ, ಹಾಡಿನೊಳಗೆ ಕೂತರೆ ಯಾಕೆ ಕುಣಿಸುತ್ತದೆ? ಗಿಟಾರಿನವನು ಅಂಗಡಿಯಲ್ಲಿ ಗಿರಾಕಿಗೆ ಸುಟ್ಟ ಕಾಯಿಲ್ ತೋರಿಸುವ ಸಾವಧಾನದಲ್ಲಿ ವಿವರಿಸಿದ. ಗದ್ದಲವನ್ನು ಒಂದೇ ಅಳತೆಗೆ ಕತ್ತರಿಸಿ ಸುತ್ತು ಹೊಡೆಸಿದರೆ ಕಿವಿ ಅದರೊಳಗೆ ತಾಳ ಹುಡುಕಿಕೊಳ್ಳುತ್ತದೆ. ಕತ್ತರಿಸಿದ ಆ ತುಂಡಿಗೆ ಸ್ಯಾಂಪಲ್ ಎಂದು ಹೆಸರು, ಸುತ್ತು ಹೊಡೆದರೆ ಲೂಪ್. ಹಿಂದಿನವರು ಟೇಪನ್ನು ನಿಜವಾಗಿಯೇ ಕತ್ತರಿಯಿಂದ ಕತ್ತರಿಸಿ ಉಂಗುರದ ಹಾಗೆ ಅಂಟಿಸುತ್ತಿದ್ದರಂತೆ. ಕಾರ್ಖಾನೆಯ ತಗಡು, ಡ್ರಮ್ಮು, ಡ್ರಿಲ್ಲುಗಳನ್ನು ವೇದಿಕೆಗೆ ತಂದವರ ಕಾಲದಲ್ಲಿ ಗಿಟಾರು ಅಷ್ಟಾಗಿ ಇರಲಿಲ್ಲ. ಆಮೇಲೆ ಬಂದವರು ಆ ಗದ್ದಲದೊಳಗೆ ಗಿಟಾರು ಕೂರಿಸಿ ಅದನ್ನು ಹಾಡು ಮಾಡಿದರು.

"ಗಿಟಾರಿನ ಡಿಸ್ಟಾರ್ಶನ್ ಅಂದ್ರೆ ಎಂತ? ಆಂಪ್ಲಿಫೈಯರ್‌ಗೆ ತಡೆಯಲಿಕ್ಕೆ ಆಗದಷ್ಟು ತುಂಬಿಸುವುದು. ಅದೂ ಒಂದು ಮಿಷನ್ ಕೂಗುವುದೇ ಅಲ್ವಾ? ಎರಡೂ ಅಣ್ಣತಮ್ಮ" ಎಂದ.

ನಾನು ತಕ್ಷಣ ಅವನ ದನಿಯಲ್ಲೇ, ಮೂಗಿನ ಮೇಲೆ ಕನ್ನಡಕ ಏರಿಸುವ ಅವನ ಅಭ್ಯಾಸದೊಂದಿಗೆ, "ಎರಡೂ ಅಣ್ಣತಮ್ಮ" ಎಂದೆ. ಡ್ರಮ್ಮಿನವನು ನಕ್ಕ. ಗಿಟಾರಿನವನು ನಗಲಿಲ್ಲ. ಅವನ ತಲೆಯಲ್ಲಿ ಆಗಲೇ ಒಂದು ಮಿಷನ್ ಓಡುತ್ತಿತ್ತು.

ಅದು ಅವನ ದೊಡ್ಡಮ್ಮನ ಅಕ್ಕಿ ಮಿಲ್ಲು. ದೊಡ್ಡಮ್ಮ ಎಂದರೆ ಅವನ ತಾಯಿಯ ಅಕ್ಕ, ಮೂವತ್ತು ವರ್ಷ ಆ ಮಿಲ್ಲನ್ನು ತಾವೇ ನಿಂತು ಓಡಿಸಿದವರು. ಭತ್ತ ಸುರಿಯುವುದು, ಬೆಲ್ಟು ಏರಿಸುವುದು, ಮೋಟರು ಕೆಟ್ಟರೆ ಬೈಯುವುದು ಎಲ್ಲ ಅವರೇ. ಈಗ ಮೊಣಕಾಲು ಕೇಳುತ್ತಿಲ್ಲ, ಭತ್ತ ತರುವವರೂ ಇಲ್ಲ, ಅಂಗಡಿಯ ಅಕ್ಕಿಯೇ ಎಲ್ಲರಿಗೂ ಸಾಕಾಗಿದೆ. ಮಿಷನನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಚಿಕ್ಕಂದಿನಲ್ಲಿ ಗೋಣಿಯ ಮೇಲೆ ಕೂತು ಆ ಸದ್ದಿಗೆ ತೂಕಡಿಸಿ ಬೆಳೆದವನು ಗಿಟಾರಿನವನು. ಮಿಷನ್ ಹೋದರೂ ಅದರ ಸದ್ದು ಹಾಡಿನಲ್ಲಿ ಉಳಿಯಬೇಕು, ಆ ಹಾಡನ್ನು ಮೊದಲು ದೊಡ್ಡಮ್ಮನೇ ಕೇಳಬೇಕು ಎಂದು ಹಟ ಹಿಡಿದ. ಅವರಿಗೆ ಮಾತೂ ಕೊಟ್ಟ. ಅವರು, ಸರಿ, ಆದರೆ ಮಿಲ್ಲಿನೊಳಗೆ ಚಪ್ಪಲಿ ಹಾಕಿ ಬರಬೇಡಿ ಎಂದಷ್ಟೇ ಹೇಳಿದ್ದರಂತೆ.

ಕೊನೆಯ ಸಲ ಮಿಷನ್ ಓಡುವ ದಿನ ಅವನಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ನನಗೆ ಅದೇ ದಿನ ಮೂಡುಬಿದಿರೆಯಲ್ಲಿ ಒಂದು ಮದುವೆಯ ಕಾರ್ಯಕ್ರಮವಿತ್ತು. ಅದು ಮುಗಿಸಿ ಬೆಳುವಾಯಿಗೆ ಹೋಗಿ ಶಬ್ದ ಹಿಡಿದು ತಾ ಎಂದ. ಒಂದು ಚೀಟಿಯಲ್ಲಿ ಬರೆದೂ ಕೊಟ್ಟ: ಮೋಟರಿನ ಹತ್ತಿರ ಹತ್ತು ನಿಮಿಷ, ಬೆಲ್ಟಿನ ಹತ್ತಿರ ಹತ್ತು ನಿಮಿಷ, ಉಮಿ ಹಾರುವ ಕೊಳವೆಯ ಹತ್ತಿರ ಹತ್ತು ನಿಮಿಷ. ಮೊಬೈಲಿನಲ್ಲಿ "ಮಾತು ಸ್ಪಷ್ಟ" ಅನ್ನುವ ಸೆಟ್ಟಿಂಗ್ ಆಫ್ ಮಾಡು. ಕೊನೆಗೆ, ಅಡಿಗೆರೆ ಎಳೆದು: ಮಾತಾಡಬೇಡ.

ಚೀಟಿ ನನ್ನ ಮದುವೆಯ ಕೋಟಿನ ಕಿಸೆಯಲ್ಲೇ ಉಳಿಯಿತು. ಕೋಟು ಬಾಡಿಗೆಯದ್ದು, ಅದನ್ನು ವಾಪಸ್ ಕೊಟ್ಟು ಹೋದೆ.

ಮಿಲ್ಲಿನೊಳಗೆ ಕಾಲಿಟ್ಟಾಗ ನಾನು ಮೊದಲ ಬಾರಿಗೆ ಶಬ್ದದ ಒಳಗೆ ನಿಂತ ಹಾಗಾಯಿತು. ಮೋಟರಿನ ಗುಂಯ್ ಎದೆಯಲ್ಲಿ ಕೇಳುತ್ತಿತ್ತು. ಅಗಲ ಬೆಲ್ಟಿನ ಎರಡು ತುದಿಗಳನ್ನು ಕಬ್ಬಿಣದ ಕೊಂಡಿಯಿಂದ ಜೋಡಿಸಿದ್ದರು. ಆ ಜೋಡಣೆ ಗಾಲಿಯ ಮೇಲೆ ಹಾದುಹೋಗುವಾಗಲೆಲ್ಲ ಟಪ್, ಟಪ್. ಅದರ ಮೇಲೆ ಉಮಿ ಹಾರುವ ಸುಯ್. ದೊಡ್ಡಮ್ಮ ತಲೆಗೆ ಟವೆಲ್ ಕಟ್ಟಿ, ತೌಡಿನ ಪುಡಿಯಲ್ಲಿ ಹುಬ್ಬು ಬಿಳಿಯಾಗಿ, ಮಿಷನಿಗಿಂತ ಜೋರಾಗಿ ಮಾತಾಡುತ್ತಿದ್ದರು. ಅಂಥ ದನಿಯನ್ನು ಕೇಳಿದ ಮೇಲೆ ನನ್ನಂಥವನು ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಮೊಬೈಲ್ ಹಿಡಿದುಕೊಂಡು ಅರ್ಧ ಗಂಟೆಯೂ ಅವರ ದನಿಯಲ್ಲೇ ಕಾಮೆಂಟರಿ ಹೇಳಿದೆ. ಅವರು ಕೇಳಿ ಬೈದರು. ಬೈದದ್ದನ್ನೂ ಅನುಕರಿಸಿದೆ.

ಎರಡು ದಿನ ಬಿಟ್ಟು ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಮಿಲ್ಲೇ ಇಲ್ಲ. ನನ್ನ ಮಾತು ಮಾತ್ರ ಆಕಾಶವಾಣಿಯ ವಾರ್ತೆಯಷ್ಟು ಸ್ವಚ್ಛ. ಮಿಷನ್ ಇರಬೇಕಾದ ಕಡೆ ಗಂಜಿ ಕುದಿಯುವಂಥ ಗುಳುಗುಳು. ಮೊಬೈಲಿನ ಆ ಸೆಟ್ಟಿಂಗಿಗೆ ಮನುಷ್ಯನ ಮಾತು ಬೇಕು. ಒಂದೇ ಸಮನೆ ಬರುವ ಗುಂಯ್ಯೆಂಬುದೆಲ್ಲ ತೊಂದರೆ ಎಂದು ಅದು ಅಳೆದು ಕಳೆದುಬಿಡುತ್ತದೆ. ಅಂದರೆ ನನ್ನ ಮೊಬೈಲು ಮೂವತ್ತು ವರ್ಷದ ಮಿಷನನ್ನು ಕಸ ಎಂದು ಗುಡಿಸಿ, ನನ್ನನ್ನು ಚಿನ್ನ ಎಂದು ಎತ್ತಿಟ್ಟುಕೊಂಡಿತ್ತು. ನನ್ನ ಜೀವನದಲ್ಲಿ ಯಾರೂ ಮಾಡದ ತಪ್ಪು ಅದು.

ಬೆಳುವಾಯಿಗೆ ಫೋನ್ ಮಾಡಿದೆ. ಗುಜರಿಯವರು ನಿನ್ನೆಯೇ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು ಎಂದರು ದೊಡ್ಡಮ್ಮ. ಯಾಕೆ, ಎಂತದಾದರೂ ಬಿಟ್ಟು ಹೋಗಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ.

ಆಗ ನಿಜ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸ್ಕೂಟರನ್ನೇ ಬಾಯಲ್ಲಿ ಸ್ಟಾರ್ಟ್ ಮಾಡುವವನಿಗೆ ಅಕ್ಕಿ ಮಿಲ್ಲು ಯಾವ ಲೆಕ್ಕ ಎಂಬ ಸೊಕ್ಕು. ಹಂಡೆಯ ನೀರು ಚೆಲ್ಲಿ ಒಳಗೆ ತಲೆ ಹಾಕಿದೆ. ಗಂಟಲಿನಿಂದ ಮೋಟರು, ನಾಲಿಗೆಯಿಂದ ಬೆಲ್ಟಿನ ಟಪ್, ಹಲ್ಲಿನ ಸಂದಿನಿಂದ ಉಮಿ. ಮೂರನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿದೆ, ಈ ಸಲ ಸೆಟ್ಟಿಂಗ್ ಆಫ್ ಮಾಡಿ. ಹಂಡೆಯ ತಾಮ್ರದ ಗುಂಗು ಸೇರಿ ಶಬ್ದಕ್ಕೆ ಲೋಹದ ಬಣ್ಣ ಬಂತು. ಅಮ್ಮ ಬಾಗಿಲು ಬಡಿದು ವಾಂತಿಯಾ ಎಂದು ಕೇಳಿದರು.

ಗಿಟಾರಿನವನು ಕೇಳಿ ಕಣ್ಣು ಮುಚ್ಚಿಕೊಂಡ. "ಇದೇ ಮಾರಾಯ. ಇದೇ" ಎಂದ. ನನಗೆ ಒಳಗೆ ಚುಚ್ಚಬೇಕಿತ್ತು. ಚುಚ್ಚಿತು ಕೂಡ, ಆದರೆ ಹೆಮ್ಮೆ ಅದಕ್ಕಿಂತ ಒಂದು ಬೆರಳು ಮುಂದೆ ಇತ್ತು.

ಮುಂದಿನ ಭಾನುವಾರಗಳಲ್ಲಿ ಅವನು ನನ್ನ ಬಾಯಿಯನ್ನು ಲ್ಯಾಪ್‌ಟಾಪಿನಲ್ಲಿ ಹರಡಿಕೊಂಡು ಆಪರೇಶನ್ ಮಾಡಿದ. ಟಪ್‌ನಿಂದ ಟಪ್‌ಗೆ ಅಳೆದು, ನಿಮಿಷಕ್ಕೆ ತೊಂಬತ್ತೆರಡು ಎಂದು ಹಾಡಿನ ವೇಗ ನಿಲ್ಲಿಸಿದ. ಎಂಟು ಟಪ್ಪಿನ ತುಂಡೊಂದನ್ನು ಕತ್ತರಿಸಿ ಲೂಪ್ ಮಾಡಿದ. ಮೋಟರಿನ ಗುಂಯ್ಯಿಗೆ ಇನ್ನೊಂದು ಪ್ರತಿ ತೆಗೆದು ಒಂದು ಸ್ಥಾಯಿ ಕೆಳಗೆ ಇಳಿಸಿದ. ಕೋಣೆಯ ನೆಲ ನಡುಗಿತು. ಉಮಿಯ ಸುಯ್ಯಿನಿಂದ ಬೇಕೆಂದೇ ವಿವರ ಕಳೆದ, ಫೋಟೋವನ್ನು ಹಿಗ್ಗಿಸಿದಾಗ ಚೌಕ ಚೌಕವಾಗುವ ಹಾಗೆ ಶಬ್ದವೂ ಮರಳು ಮರಳಾಯಿತು. ಆ ಮರಳಿಗೆ ಒಂದು ಗೇಟು ಹಾಕಿದ: ಸ್ನೇರ್ ಡ್ರಮ್ಮು ಬಿದ್ದಾಗ ಮಾತ್ರ ಗೇಟು ತೆರೆದು ಗದ್ದಲ ಹೊರಗೆ ನುಗ್ಗುತ್ತದೆ, ಮರುಕ್ಷಣ ಮುಚ್ಚುತ್ತದೆ. ಹಾಗಾಗಿ ಡ್ರಮ್ಮಿನವನು ಹೊಡೆದಾಗಲೆಲ್ಲ ಚರ್ಮದ ಸದ್ದಿನ ಜೊತೆ ಒಂದು ಗೋಣಿ ಉಮಿ ಮುಖಕ್ಕೆ ಎರಚಿದ ಹಾಗೆ ಕೇಳುತ್ತಿತ್ತು.

ಇಷ್ಟೆಲ್ಲದರ ಮೇಲೆ ಗಿಟಾರು ಇಟ್ಟರೆ ಎರಡೂ ಒಂದನ್ನೊಂದು ನುಂಗಿದವು. ನಾನು ಗಿಟಾರು ಇನ್ನೂ ಜೋರು ಮಾಡು ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ಜೋರು ಮಾಡಿದರೆ ಜಗಳ ಜೋರಾಗುತ್ತದೆ ಅಷ್ಟೇ, ಜಾಗ ಮಾಡಿಕೊಡಬೇಕು. ಗಿಟಾರು ಕಚ್ಚುವ ಸ್ವರಗಳ ಎತ್ತರದಲ್ಲಿ ಮಿಷನ್ನಿನ ಶಬ್ದವನ್ನು ಕೆತ್ತಿ ತೆಗೆದ, ಬಸ್ಸಿನಲ್ಲಿ ಸೀಟು ಸರಿದು ಕೊಟ್ಟ ಹಾಗೆ. ಆಮೇಲೆ ಗಿಟಾರಿನ ದಪ್ಪ ತಂತಿ ಸಡಿಲಿಸಿ, ಅಂಗೈ ಅಂಚಿನಿಂದ ತಂತಿ ಅದುಮಿ, ಟಪ್ಪಿನ ಜೊತೆಗೇ ಹೊಡೆದು ಜೊತೆಗೇ ನಿಲ್ಲಿಸಿದ. ಗಿಟಾರೇ ಬೆಲ್ಟಿಗೆ ಕಟ್ಟಿದ ಇನ್ನೊಂದು ಗಾಲಿಯಾಯಿತು.

ಅನುಮಾನಗಳು ಬರಲಿಲ್ಲವೆಂದಲ್ಲ. ಮೋಟರಿನವನಾದ ಅವನಿಗೆ ಒಂದು ಸಂಗತಿ ಕಾಡುತ್ತಿತ್ತು. ಕರೆಂಟಿನ ಗುಂಯ್ ಊರಿಗೆಲ್ಲ ಒಂದೇ ಶ್ರುತಿಯಲ್ಲಿರಬೇಕು, ಅವನ ಆಂಪ್ಲಿಫೈಯರೂ ಅದೇ ಶ್ರುತಿಯಲ್ಲಿ ಗುನುಗುತ್ತದೆ. ಈ ಮಿಲ್ಲಿನದು ಮಾತ್ರ ಯಾಕೆ ಸ್ವಲ್ಪ ಕೆಳಗೆ ಜಗ್ಗಿದೆ? ವೋಲ್ಟೇಜ್ ಕಡಿಮೆ ಇತ್ತು ಎಂದೆ. ವೋಲ್ಟೇಜ್ ಇಳಿದರೆ ಶ್ರುತಿ ಇಳಿಯುವುದಿಲ್ಲ ಎಂದ. ಹಾಗಾದರೆ ಬೆಲ್ಟಿನ ಭಾರಕ್ಕೆ ಇರಬೇಕು ಎಂದೆ. ಅವನು ಯೋಚಿಸಿ, ಗಿಟಾರಿನ ಶ್ರುತಿಯನ್ನೇ ನನ್ನ ಗಂಟಲಿಗೆ ಇಳಿಸಿಕೊಂಡ.

ಡ್ರಮ್ಮಿನವನ ಸಮಸ್ಯೆ ಬೇರೆ. ಕಂಪ್ಯೂಟರಿನ ತಾಳವನ್ನು ಕಿವಿಗೆ ಸಿಕ್ಕಿಸಿಕೊಂಡು ಬಾರಿಸುವುದೆಂದರೆ ಅವನಿಗೆ ಆಗದು, ಅದು ಯಾರಿಗೂ ಕಾಯುವುದಿಲ್ಲ. ಆದರೆ ಈ ಲೂಪಿನೊಂದಿಗೆ ಅವನಿಗೆ ಸ್ನೇಹವಾಯಿತು. "ಈ ಮಿಷನ್ ನನ್ನ ಹಾಗೆಯೇ ಸ್ವಲ್ಪ ಆಚೆಈಚೆ ಆಗ್ತದೆ. ಒಳ್ಳೆ ಜನ" ಎಂದ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಎಂಟನೆಯ ಟಪ್ಪಿನ ನಂತರ ಇತ್ತು. ಅಲ್ಲಿ ಒಂದು ಸಣ್ಣ "ಹಾ" ಕೇಳುತ್ತಿತ್ತು. ನಾನು ಉಸಿರೆಳೆದದ್ದು. ಮೂಲದಲ್ಲಿ ಅದು ಕೇಳಿಸದಷ್ಟು ಸಣ್ಣದು. ಆದರೆ ಕಂಪ್ರೆಸರ್ ಎಂಬುದು ಜೋರಿನದ್ದನ್ನು ತಗ್ಗಿಸಿ, ಆಮೇಲೆ ಒಟ್ಟನ್ನೂ ಮೇಲೆತ್ತಿದರೆ ಮೂಲೆಯಲ್ಲಿದ್ದ ಸಣ್ಣ ಶಬ್ದಗಳೂ ಎದ್ದು ಕೂರುತ್ತವೆ. ಅದರ ಮೇಲೆ ಡಿಸ್ಟಾರ್ಶನ್ ಬೇರೆ. ನನ್ನ ಉಸಿರು ಮಿಷನಿನಷ್ಟೇ ದೊಡ್ಡದಾಯಿತು. ಅವನು ಅದನ್ನು ತೆಗೆದುಹಾಕುತ್ತಾನೆ ಎಂದು ಕಾದೆ. ಅವನೋ ಅದು ಉಮಿ ಎಳೆಯುವ ಫ್ಯಾನಿನ ಶ್ವಾಸ ಎಂದು ಮರುಳಾಗಿ, ಹಾಡಿನ ಮಧ್ಯೆ ಎಲ್ಲವನ್ನೂ ನಿಲ್ಲಿಸಿ ಆ "ಹಾ" ಒಂದನ್ನೇ ಬಿಟ್ಟು, ಅದರ ಬೆನ್ನಿಗೇ ಗಿಟಾರಿನ ಗೋಡೆ ಬೀಳುವ ಹಾಗೆ ಮಾಡಿದ. ಕೇಳಿದರೆ ರೋಮಾಂಚನವಾಗುತ್ತಿತ್ತು. ನನಗೆ ಬೆವರು ಬರುತ್ತಿತ್ತು.

ಹಾಡು ಕೇಳಿಸುವ ದಿನ ಬಂತು. ಬೆಳುವಾಯಿಯ ಖಾಲಿ ಮಿಲ್ಲು, ಮಧ್ಯಾಹ್ನ ಊಟದ ಮೇಲೆ. ಮಿಷನ್ ಇದ್ದ ಕಡೆ ಸಿಮೆಂಟಿನಲ್ಲಿ ನಾಲ್ಕು ಬೋಲ್ಟು ಮಾತ್ರ ನಿಂತಿದ್ದವು. ಚಪ್ಪಲಿ ಹೊರಗೆ ಬಿಟ್ಟು ಆಂಪ್ಲಿಫೈಯರು, ಡ್ರಮ್ಮು, ಲ್ಯಾಪ್‌ಟಾಪು ಜೋಡಿಸಿದೆವು. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲು ನೀಡಿಕೊಂಡರು. ಗಿಟಾರಿನವನು ನಾಚಿಕೆಯಿಂದ, ಇದು ನಿಮ್ಮದೇ ಮಿಷನ್ ದೊಡ್ಡಮ್ಮ ಎಂದ. ಆ ಕ್ಷಣದಲ್ಲಿ ನಾನು ಆ ನಾಲ್ಕು ಬೋಲ್ಟುಗಳಲ್ಲಿ ಒಂದಾಗಿದ್ದರೆ ಎಂದು ಅನ್ನಿಸಿತು.

ಬಾರಿಸಿದೆವು. ತಲೆಯ ಮೇಲಿನ ತಗಡಿನ ಮಾಡೂ ನಮ್ಮ ಜೊತೆ ಬಾರಿಸಿತು. ದೊಡ್ಡಮ್ಮ ಕಿವಿ ಮುಚ್ಚಲಿಲ್ಲ; ಗಿಟಾರು ಬಿದ್ದಾಗಲೂ ಕದಲಲಿಲ್ಲ. ಮೂವತ್ತು ವರ್ಷ ಅದಕ್ಕಿಂತ ಹೆಚ್ಚಿನದನ್ನು ಕೇಳಿದವರು. ಆದರೆ ತಲೆಯನ್ನು ಸ್ವಲ್ಪ ಓರೆ ಮಾಡಿ, ನಾಡಿ ನೋಡುವ ಪಂಡಿತರ ಹಾಗೆ ಕೇಳುತ್ತಿದ್ದರು. ನಡುವಿನ "ಹಾ" ಬಂದಾಗ ಅವರ ಕಣ್ಣು ಲ್ಯಾಪ್‌ಟಾಪಿನಿಂದ ಎದ್ದು ಸೀದಾ ನನ್ನ ಮೇಲೆ ಬಂದು ಕೂತಿತು. ಅಲ್ಲಿಂದ ಕೊನೆಯವರೆಗೂ ಏಳಲಿಲ್ಲ.

ಮುಗಿದ ಮೇಲೆ ಗಿಟಾರಿನವನು ಹೇಗುಂಟು ಎಂದು ಕೇಳಿದ.

"ಹಾಡು ಒಳ್ಳೆದುಂಟು" ಎಂದರು ದೊಡ್ಡಮ್ಮ. "ಮಿಷನ್ ಯಾರದ್ದು?"

"ನಿಮ್ಮದೇ."

"ನನ್ನದು ಅಲ್ಲ. ನನ್ನದು ಭತ್ತ ಬಿದ್ದ ಕೂಡಲೇ ತಗ್ಗುತ್ತಿತ್ತು, ಅರೆದಾದ ಮೇಲೆ ಏರುತ್ತಿತ್ತು. ಇದು ಇಡೀ ಹೊತ್ತು ಖಾಲಿ ಓಡ್ತಾ ಉಂಟು. ಮತ್ತೆ, ನನ್ನ ಮಿಷನ್ ಮೂವತ್ತು ವರ್ಷದಲ್ಲಿ ಒಮ್ಮೆಯೂ ಉಸಿರು ತೆಗೊಂಡದ್ದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಿದೆ. ಚೀಟಿ, ಕೋಟು, ಮೊಬೈಲು, ಗುಜರಿ ಲಾರಿ, ಹಂಡೆ, ಅಮ್ಮ ಕೇಳಿದ ಪ್ರಶ್ನೆ, ಎಲ್ಲ. ಯಾರ ದನಿಯನ್ನೂ ಅನುಕರಿಸದೆ ಹೇಳಿದ್ದರಿಂದ ನನ್ನ ಮಾತು ನನಗೇ ಅಪರಿಚಿತವಾಗಿ ಕೇಳಿತು.

ಗಿಟಾರಿನವನು ಬೈಯಲಿಲ್ಲ. ಕೇಬಲ್ ಕಿತ್ತು, ಮೊಣಕೈಗೆ ನಿಧಾನವಾಗಿ ಸುತ್ತಿಕೊಂಡ. "ಮೂರು ತಿಂಗಳು ನಾನು ನಿನ್ನ ಗಂಟಲಿಗೆ ಶ್ರುತಿ ಮಾಡಿದ್ದಾ?" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಹಾಡನ್ನು ಅಳಿಸುತ್ತೇನೆ, ನೀನು ಇನ್ನು ಬಂಟ್ವಾಳಕ್ಕೆ ಬರುವುದು ಬೇಡ ಎಂದ. ಅವನ ಕಣ್ಣು ನೋಡಿದೆ. ಅದು ಹೆದರಿಸುವ ಮಾತಲ್ಲ. ಅವನ ಮಿಲ್ಲು ಎರಡನೇ ಸಲ ಗುಜರಿಗೆ ಹೋಗಿತ್ತು, ಈ ಸಲ ಲಾರಿ ಓಡಿಸಿದ್ದು ನಾನು.

ಡ್ರಮ್ಮಿನವನು ಸ್ಟೂಲಿನಿಂದ ಏಳದೆ, ಆ ಹಾಳಾದ ರೆಕಾರ್ಡಿಂಗ್ ಇನ್ನೂ ಉಂಟಾ ಎಂದು ಕೇಳಿದ. ಅವನಿಗೆ ಗಂಜಿ ಕುದಿಯುವ ಸದ್ದು ಹೇಗಿದೆ ಎಂಬ ಕುತೂಹಲವಂತೆ. ಜಗಳದ ಮಧ್ಯೆ ಇಂಥದ್ದನ್ನು ಕೇಳುವವನು ಅವನೊಬ್ಬನೇ. ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿದೆ. ಖಾಲಿ ಮಿಲ್ಲಿನಲ್ಲಿ ನನ್ನ ಕಾಮೆಂಟರಿ ಕೇಳತೊಡಗಿತು, ದೊಡ್ಡಮ್ಮನ ದನಿಯಲ್ಲಿ. ಅವರು ಮುಖ ಸಿಂಡರಿಸಿ, ನಾನು ಹೀಗಾ ಮಾತಾಡುವುದು ಎಂದರು.

ಆಮೇಲೆ ನನ್ನ ದನಿಯನ್ನು ಸೀಳಿಕೊಂಡು ಇನ್ನೊಂದು ದನಿ ಬಂತು. ಮಿಷನನ್ನು ಮೀರಿಸಲು ಮೂವತ್ತು ವರ್ಷ ಕೂಗಿ ಕೂಗಿ ಹರಿತವಾದ ದನಿ.

"ದೂರ ನಿಲ್ಲು ಮಾರಾಯ, ಬೆಲ್ಟಿಗೆ ಕಣ್ಣಿಲ್ಲ!"

ಮೊಬೈಲು ಮಿಷನನ್ನು ಬಿಸಾಡಿ ಮನುಷ್ಯರ ಮಾತನ್ನು ಉಳಿಸಿಕೊಂಡಿತ್ತಲ್ಲ. ನಾನು ನನ್ನ ದನಿಯನ್ನಷ್ಟೇ ಕೇಳಿಕೊಂಡು ಅರ್ಧಕ್ಕೆ ನಿಲ್ಲಿಸಿದ್ದೆ. ಇದು ಅದರ ನಂತರ ಇತ್ತು. ಗಂಜಿಯ ಗುಳುಗುಳುವಿನ ಮೇಲೆ ದೊಡ್ಡಮ್ಮ ಒಬ್ಬರೇ, ಏನೂ ಇಲ್ಲದ್ದರ ಎದುರು ಕೂಗುತ್ತಿದ್ದರು. ಆದರೆ ಆ ಕೂಗಿನ ಎತ್ತರದಿಂದಲೇ ಅವರ ಎದುರಿದ್ದ ಮಿಷನ್ ಎಷ್ಟು ದೊಡ್ಡದಿತ್ತು ಎಂದು ಗೊತ್ತಾಗುತ್ತಿತ್ತು.

ಗಿಟಾರಿನವನು ಸುತ್ತಿದ ಕೇಬಲನ್ನು ಕೆಳಗಿಟ್ಟ. ಇನ್ನೊಮ್ಮೆ ಹಾಕು ಎಂದ, ನನ್ನ ಮುಖ ನೋಡದೆ. ಇನ್ನೊಮ್ಮೆ. ಆಮೇಲೆ ಅದನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು, ಆ ಒಂದು ಸಾಲನ್ನು ಕತ್ತರಿಸಿ, ಡ್ರಮ್ಮಿನವನ ಬದಿಯ ರಬ್ಬರ್ ಪ್ಯಾಡಿಗೆ ಕೊಟ್ಟ. ಕೋಲಿನಿಂದ ಪ್ಯಾಡು ಮುಟ್ಟಿದರೆ ದೊಡ್ಡಮ್ಮ ಕೂಗುತ್ತಾರೆ. ಡ್ರಮ್ಮಿನವನು ಮೂರು ಸಲ ಸುಮ್ಮನೆ ಮುಟ್ಟಿ ನೋಡಿದ. ನಿಜವಾದ ದೊಡ್ಡಮ್ಮ, ನನ್ನನ್ನು ಬಡಿಯಬೇಡ ಎಂದರು.

ನನ್ನ ಉಸಿರು ಇದ್ದ ಜಾಗದಲ್ಲಿ ಆ ಕೂಗನ್ನು ಇಟ್ಟು ಮತ್ತೆ ಬಾರಿಸಿದೆವು. ಎಲ್ಲ ನಿಂತಿತು, ಅವರು ಕೂಗಿದರು, ಗಿಟಾರಿನ ಗೋಡೆ ಬಿತ್ತು. ಮೂರು ತಿಂಗಳು ಆ ಹಾಡು ಕೇಳಿದ ನಾನು ಆಗ ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದೆ, ಬೆಲ್ಟು ಅಲ್ಲೇ ಇರುವ ಹಾಗೆ. ದೊಡ್ಡಮ್ಮ ಟವೆಲಿನಿಂದ ಮುಖ ಒರೆಸಿಕೊಂಡರು. ತೌಡಿನ ಪುಡಿ ಅಲ್ಲಿ ಇರಲಿಲ್ಲ; ಅಭ್ಯಾಸ ಇರಬೇಕು.

ಆದರೆ ಕೆಳಗಿನ ಲೂಪು ಇನ್ನೂ ನನ್ನ ಗಂಟಲೇ. ಗಿಟಾರಿನವನು ಅದನ್ನು ತೆಗೆದು ನೋಡಿದ, ಹಾಡು ಕುಸಿಯಿತು. ಬೇರೆ ಯಾವುದೋ ಮಿಲ್ಲಿನದ್ದು ಹಾಕುವ ಎಂದ ಡ್ರಮ್ಮಿನವನು. ಅದಕ್ಕೆ ದೊಡ್ಡಮ್ಮ ಒಪ್ಪಲಿಲ್ಲ. ನನ್ನನ್ನು ಹತ್ತಿರ ಕರೆದು, ಕುರ್ಚಿಯ ಮುಂದೆ ನಿಲ್ಲಿಸಿ, ಭತ್ತ ಬಿದ್ದಾಗ ಹೇಗೆ ತಗ್ಗಬೇಕು, ಬೆಲ್ಟು ಜಾರಿದಾಗ ಹೇಗೆ ಕಿರುಚಬೇಕು, ಕೊನೆಯ ಹಿಡಿ ಅರೆದಾದ ಮೇಲೆ ಹೇಗೆ ಹಗುರಾಗಬೇಕು ಎಂದು ಕೈ ಎತ್ತಿ ಇಳಿಸಿ ತೋರಿಸಿದರು. ನಾನು ಮೈಕಿನ ಮುಂದೆ ಅವರ ಕೈ ನೋಡುತ್ತ ಮಿಲ್ಲಾದೆ. ಐದಾರು ಸಲ ತಪ್ಪು ಎಂದು ತಲೆಯಾಡಿಸಿದರು. ಏಳನೆಯ ಸಲಕ್ಕೆ ಕಣ್ಣು ಮುಚ್ಚಿದರು.

ಗಿಟಾರಿನವನು ಅದನ್ನು ಉಳಿಸಿಕೊಂಡ, ನನ್ನನ್ನು ಉಳಿಸಿಕೊಳ್ಳುವ ಮಾತು ಮಾತ್ರ ಆಡಲಿಲ್ಲ. ಸಾಮಾನು ಕಟ್ಟುವಾಗ ಕೊನೆಗೆ ದೊಡ್ಡಮ್ಮನನ್ನೇ ಕೇಳಿದ, ನಾನು ಅಲ್ಲಿ ಇಲ್ಲವೆಂಬಂತೆ: ಇಂಥ ಸುಳ್ಳನನ್ನು ಇಟ್ಟುಕೊಂಡು ನಾನು ಎಂತ ಮಾಡುವುದು?

ದೊಡ್ಡಮ್ಮ ಕುರ್ಚಿಯಿಂದ ಮೊಣಕಾಲು ಹಿಡಿದು ಎದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ, ಹಳೆಯ ಕಬ್ಬಿಣವನ್ನು ನೋಡುವ ಹಾಗೆ ಒಮ್ಮೆ ನೋಡಿದರು.

"ಮಿಷನನ್ನಾದರೂ ಗುಜರಿಯವನು ತೆಗೊಂಡು ಹೋದ. ಇವನನ್ನು ಅವನೂ ತೆಗೊಳ್ಳುವುದಿಲ್ಲ. ನೀವೇ ಇಟ್ಟುಕೊಳ್ಳಿ."